ಕರಗ ದರ್ಗಾದ ಮುಂದೆ ನಿಂತಾಗ ಯಾರು ಯಾರ ಮನೆಗೆ ಬಂದಂತೆ?

ಚೈತ್ರ ಹುಣ್ಣಿಮೆ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನಲ್ಲಿ ಒಂದು ಪ್ರಶ್ನೆ ಮತ್ತೆ ಕೇಳಿಬರುತ್ತದೆ. ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಯಾಕೆ ಹೋಗುತ್ತದೆ? 2022ರಲ್ಲಿ ಈ ಪ್ರಶ್ನೆ ಒತ್ತಾಯದ ರೂಪ ಪಡೆಯಿತು. ಹಿಜಾಬ್, ಹಲಾಲ್, ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳ ವಿಚಾರಗಳೆಲ್ಲ ಒಂದರ ಹಿಂದೊಂದು ಎದ್ದಿದ್ದ ಆ ತಿಂಗಳುಗಳಲ್ಲಿ, ಕರಗ ದರ್ಗಾಕ್ಕೆ ಹೋಗಬಾರದೆಂದು ಕೆಲವು ಸಂಘಟನೆಗಳು ಹೇಳಿದವು. ದರ್ಗಾದ ಕಡೆಯವರು ದೇವಸ್ಥಾನಕ್ಕೆ ಬಂದು ಕರಗವನ್ನು ಆಹ್ವಾನಿಸಿದರು. ಹಿಂದಿನಿಂದ ನಡೆದುಬಂದದ್ದು ನಡೆಯುತ್ತದೆ ಎಂದು ದೇವಸ್ಥಾನದವರು ತಿಳಿಸಿದರು. ಆ ವರ್ಷದ ಏಪ್ರಿಲ್ 16ರ ಹುಣ್ಣಿಮೆಯ ಕರಗ ಎಂದಿನ ದಾರಿಯಲ್ಲೇ ಸಾಗಿತು.

ಸುದ್ದಿ ಅಲ್ಲಿಗೆ ಮುಗಿಯಿತು, ಗೊಂದಲ ಮುಗಿಯಲಿಲ್ಲ. ಇದನ್ನು ವಿವರಿಸಲು ಕೂತ ವಿದ್ಯಾರ್ಥಿಗೆ, ಪತ್ರಕರ್ತರಿಗೆ, ಸಂಶೋಧಕರಿಗೆ ಸಿಗುವ ಮೊದಲ ಪದ ‘ಸಮನ್ವಯ’. ಆ ಪದ ಬಂದ ಕೂಡಲೇ ಪ್ರಬಂಧದ ದಾರಿ ಅರ್ಧ ತೀರ್ಮಾನವಾಗಿಬಿಡುತ್ತದೆ, ಅದೂ ತಪ್ಪು ಕಡೆಗೆ.

ಎರಡು ವಾದ, ಒಂದೇ ನಂಬಿಕೆ

ದರ್ಗಾ ಭೇಟಿಯನ್ನು ವಿರೋಧಿಸುವವರ ಮಾತು ಸರಳವಾಗಿದೆ. ಕರಗ ಹಿಂದೂಗಳದ್ದು, ದರ್ಗಾ ಮುಸ್ಲಿಮರದ್ದು, ಒಂದರ ದೇವತೆ ಇನ್ನೊಂದರ ಬಾಗಿಲಿಗೆ ಹೋಗುವ ಅಗತ್ಯವಿಲ್ಲ. ಸಮರ್ಥಿಸುವವರ ಮಾತೂ ಅಷ್ಟೇ ಸರಳ. ಕರಗ ಹಿಂದೂಗಳದ್ದು, ದರ್ಗಾ ಮುಸ್ಲಿಮರದ್ದು, ಆದರೂ ಭೇದ ಮರೆತು ಇಬ್ಬರೂ ಸೇರುವುದು ಈ ನಾಡಿನ ದೊಡ್ಡತನ.

ಎರಡು ವಾದಗಳನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಅವುಗಳ ಮೊದಲರ್ಧ ಒಂದೇ ಎಂಬುದು ಕಾಣುತ್ತದೆ. ಮುಚ್ಚಳ ಹಾಕಿದ ಎರಡು ಪಾತ್ರೆಗಳಿವೆ, ಒಳಗಿರುವುದು ಬೇರೆಬೇರೆ ಎಂದು ಇಬ್ಬರೂ ಒಪ್ಪಿಕೊಂಡಿದ್ದಾರೆ. ಜಗಳವಿರುವುದು ಮುಚ್ಚಳ ತೆಗೆಯಬೇಕೋ ಬೇಡವೋ ಎಂಬುದರ ಮೇಲೆ ಮಾತ್ರ.

‘ಸಮನ್ವಯ’, ‘ಬೆರಕೆ’, ಇಂಗ್ಲಿಷಿನಿಂದ ಬಂದ ‘ಸಿಂಕ್ರೆಟಿಸಂ’, ಈ ಮೂರು ಪದಗಳಲ್ಲೂ ಇದೇ ಚಿತ್ರ ಅಡಗಿದೆ. ಬೆರೆಯಬೇಕಾದರೆ ಮೊದಲು ಬೆರೆಯದ ಎರಡು ವಸ್ತುಗಳು ಇರಬೇಕು. ಹದಿನೇಳನೇ ಶತಮಾನದ ಯುರೋಪಿನಲ್ಲಿ ಕ್ರೈಸ್ತ ಪಂಗಡಗಳನ್ನು ಹತ್ತಿರ ತರಲು ಯತ್ನಿಸಿದ ಜರ್ಮನ್ ಪಂಡಿತ ಕ್ಯಾಲಿಕ್ಸ್ಟಸ್ ಅವರನ್ನು ವಿರೋಧಿಗಳು ‘ಸಿಂಕ್ರೆಟಿಸ್ಟ್’ ಎಂದೇ ಬೈದರು. ಸಿದ್ಧಾಂತದ ಶುದ್ಧಿ ಕೆಡಿಸುವವನು ಎಂಬುದು ಆ ಬೈಗುಳದ ಅರ್ಥ. ನಾವು ಇಂದು ಅದನ್ನು ಹೊಗಳಿಕೆಯಾಗಿ ಬಳಸಿದರೂ ಶುದ್ಧಿಯ ಲೆಕ್ಕ ಪದದೊಳಗೇ ಉಳಿದಿದೆ.

ಆ ರಾತ್ರಿ ನಡೆಯುವುದೇನು?

ಪದಗಳನ್ನು ಬದಿಗಿಟ್ಟು ನಡೆಯುವುದನ್ನು ನೋಡೋಣ. ಕರಗ ನಡೆಸುವವರು ತಿಗಳರು, ತಮ್ಮನ್ನು ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಳ್ಳುವ ಸಮುದಾಯ. ಹೂವು, ತರಕಾರಿ ಬೆಳೆಯುವ ತೋಟಗಾರಿಕೆ ಅವರ ಕಸುಬು. ಅವರ ದೇವತೆ ದ್ರೌಪದಿ. ಪಾಂಡವರು ಸ್ವರ್ಗದ ದಾರಿ ಹಿಡಿದಾಗ ಹಿಂದೆ ಉಳಿದ ದ್ರೌಪದಿಯನ್ನು ತಿಮಿರಾಸುರ ಕಾಡಿದ, ಆಕೆ ಶಕ್ತಿರೂಪ ತಾಳಿ ವೀರಕುಮಾರರನ್ನು ಸೃಷ್ಟಿಸಿ ಅವನನ್ನು ಸಂಹರಿಸಿದಳು ಎಂಬುದು ಕಥೆ. ತಮ್ಮನ್ನು ಬಿಟ್ಟು ಹೋಗಬೇಡವೆಂದು ವೀರಕುಮಾರರು ಬೇಡಿಕೊಂಡರು. ವರ್ಷಕ್ಕೊಮ್ಮೆ ಬಂದು ನಿಮ್ಮೊಂದಿಗೆ ಇರುತ್ತೇನೆ ಎಂದು ಆಕೆ ಮಾತು ಕೊಟ್ಟಳು. ಕರಗವೆಂದರೆ ಆ ಮಾತು ನಡೆಯುವ ಕಾಲ.

ಹುಣ್ಣಿಮೆಯ ಮಧ್ಯರಾತ್ರಿಯ ನಂತರ ಅರ್ಚಕರು ಹೆಣ್ಣಿನ ಉಡುಗೆಯಲ್ಲಿ, ಬಳೆ ತೊಟ್ಟು, ತಲೆಯ ಮೇಲೆ ಮಲ್ಲಿಗೆಯ ಕರಗ ಹೊತ್ತು ಹೊರಬರುತ್ತಾರೆ. ಕತ್ತಿ ಹಿಡಿದ ವೀರಕುಮಾರರು ‘ಗೋವಿಂದಾ’ ಎನ್ನುತ್ತಾ ಸುತ್ತುವರಿಯುತ್ತಾರೆ. ಬೆಳಗಿನವರೆಗೆ ಕರಗ ಹಳೆಯ ಪೇಟೆಗಳನ್ನು ಸುತ್ತುತ್ತದೆ. ಗುಡಿಗಳ ಮುಂದೆ ನಿಲ್ಲುತ್ತದೆ, ಮನೆಗಳ ಮುಂದೆ ಪೂಜೆ ಪಡೆಯುತ್ತದೆ. ಹೀಗೆ ನಿಲ್ಲುವ ಜಾಗಗಳಲ್ಲಿ ಒಂದು ಕಾಟನ್‌ಪೇಟೆಯ ದರ್ಗಾ. ಅಲ್ಲಿ ಕರಗ ಸುತ್ತು ಬರುತ್ತದೆ, ನಿಂಬೆಹಣ್ಣು ಕೊಡುವುದು–ಪಡೆಯುವುದು ಆಗುತ್ತದೆ, ಮುಂದಿನ ಬೀದಿಗೆ ಸಾಗುತ್ತದೆ.

ಈ ದಾರಿಯನ್ನು ಜೋಡಿಸಿರುವ ತರ್ಕ ಪೇಟೆಯದ್ದು. ಹಬ್ಬದ ದಿನಗಳಲ್ಲಿ, ಹುಣ್ಣಿಮೆಯ ಮೆರವಣಿಗೆಗೆ ಮುಂಚೆ ನಡೆಯುವ ಹಸಿಕರಗ ಎಂಬ ವಿಧಿಗೆ ಸಂಪಂಗಿ ಕೆರೆಯ ಕಡೆಗೆ ಹೋಗುತ್ತಾರೆ. ಆ ಕೆರೆಯ ಬಹುಭಾಗ ಇಂದು ಕಂಠೀರವ ಕ್ರೀಡಾಂಗಣದ ಅಡಿಯಲ್ಲಿದೆ, ಉಳಿದಿರುವುದು ಚಿಕ್ಕ ಕೊಳ. ನೀರು ಹೋದರೂ ದಾರಿ ಹೋಗಲಿಲ್ಲ. ಬೆಂಗಳೂರಿನ ಕರಗವನ್ನು ಆಳವಾಗಿ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಸ್ಮೃತಿ ಶ್ರೀನಿವಾಸ್ ಇದನ್ನು ನಗರದ ನೆನಪಿನ ಭೂಪಟವಾಗಿ ಓದಿದ್ದಾರೆ. ಕೆರೆ, ತೋಟ, ಕೋಟೆ, ಪೇಟೆ ಇವೆಲ್ಲವನ್ನೂ ಕರಗ ವರ್ಷಕ್ಕೊಮ್ಮೆ ಕಾಲ್ನಡಿಗೆಯಲ್ಲಿ ಎಣಿಸುತ್ತದೆ. ದರ್ಗಾ ಆ ಎಣಿಕೆಯಲ್ಲಿ ಒಂದು. ಅದನ್ನೊಂದನ್ನೇ ಕಿತ್ತು ತೆಗೆದು ‘ಹಿಂದೂ ಹಬ್ಬ ಮುಸ್ಲಿಂ ಜಾಗಕ್ಕೆ ಹೋಯಿತು’ ಎಂದು ಬರೆದರೆ, ಉಳಿದ ನಿಲುಗಡೆಗಳ ಜೊತೆ ಅದಕ್ಕಿರುವ ಸಂಬಂಧ ಓದುಗರಿಗೆ ಕಾಣದಾಗುತ್ತದೆ.

ಕಥೆ ಹೇಳುವುದು ಋಣವನ್ನು

ದರ್ಗಾದ ಭೇಟಿಗೆ ಜನ ಕೊಡುವ ಕಾರಣ ಒಂದು ಕಥೆ. ಕರಗ ನೋಡಲು ಬಂದ ತವಕ್ಕಲ್ ಮಸ್ತಾನರಿಗೆ ಗುಂಪಿನಲ್ಲಿ ಗಾಯವಾಯಿತು, ದೇವಸ್ಥಾನದವರು ಆರೈಕೆ ಮಾಡಿದರು, ಕರಗ ತಮ್ಮಲ್ಲಿಗೆ ಬಂದು ಹೋಗಲಿ ಎಂದು ಸಂತರು ಕೇಳಿಕೊಂಡರು ಎಂಬುದು ಹೆಚ್ಚು ಕೇಳಿಬರುವ ರೂಪ. ಹೇಳುವವರು ಬದಲಾದಂತೆ ವಿವರ ಬದಲಾಗುತ್ತದೆ.

ಈ ಕಥೆಯಲ್ಲಿ ‘ಎಲ್ಲ ಧರ್ಮಗಳೂ ಒಂದೇ’ ಎಂಬ ಮಾತು ಬರುವುದಿಲ್ಲ. ಇರುವುದು ಗಾಯ, ಆರೈಕೆ, ಕೋರಿಕೆ ಮತ್ತು ಕೊಟ್ಟ ಮಾತು. ದ್ರೌಪದಿ ವೀರಕುಮಾರರಿಗೆ ಕೊಟ್ಟದ್ದೂ ಮಾತೇ. ಅಂದರೆ ದರ್ಗಾದ ನಿಲುಗಡೆ ಕರಗದ ಒಳಗಿನ ಭಾಷೆಯಲ್ಲೇ ಅರ್ಥವಾಗುವಂಥದ್ದು: ಮಾತು ಕೊಟ್ಟ ಮೇಲೆ ವರ್ಷಕ್ಕೊಮ್ಮೆ ಬರಬೇಕು. ಪ್ರಬಂಧ ಬರೆಯುವವರು ಮೊದಲು ಈ ಭಾಷೆಯನ್ನು ಹಿಡಿಯಬೇಕು. ‘ಭಾವೈಕ್ಯ’ ನಮ್ಮ ಕಾಲದ ಪದ. ಅದು ಒಳ್ಳೆಯ ಪದವೇ, ಆದರೆ ಕಥೆ ಹೇಳಿದವರ ಮನಸ್ಸಿನಲ್ಲಿದ್ದದ್ದು ಋಣ.

ಕಾಲದ ವಿಷಯದಲ್ಲೂ ಎಚ್ಚರ ಬೇಕು. ಈ ಭೇಟಿಗೆ ‘ಮುನ್ನೂರು ವರ್ಷದ ಇತಿಹಾಸ’ ಎಂದು ಸುದ್ದಿಗಳಲ್ಲಿ ಪದೇಪದೇ ಬರುತ್ತದೆ. ಸಂತರನ್ನು ಹೈದರಾಲಿಯ ಕಾಲಕ್ಕೆ, ಬೆಂಗಳೂರು ಕೋಟೆಯ ಕೆಲಸಕ್ಕೆ ಸೇರಿಸಿ ಹೇಳುವ ಕಥೆಗಳೂ ಇವೆ. ಹೈದರನಿಗೆ ಬೆಂಗಳೂರು ಜಹಗೀರಾಗಿ ಬಂದದ್ದು 1758ರಲ್ಲಿ, ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದ್ದು 1761ರ ಸುಮಾರಿಗೆ. ಈ ಕಥೆಯನ್ನು ಒಪ್ಪುವುದಾದರೆ 2022ಕ್ಕೆ ಭೇಟಿಯ ವಯಸ್ಸು 265 ವರ್ಷ ದಾಟಲಾರದು. ಎರಡನ್ನೂ ಒಂದೇ ಪುಟದಲ್ಲಿ ಬರೆಯುವಂತಿಲ್ಲ. ವಯಸ್ಸು ಕಡಿಮೆಯಾದರೆ ಸಂಪ್ರದಾಯದ ಬೆಲೆ ಕಡಿಮೆಯಾಗುವುದಿಲ್ಲ, ಆದರೆ ಲೆಕ್ಕ ತಪ್ಪಿದರೆ ಪ್ರಬಂಧದ ಬೆಲೆ ಖಂಡಿತ ಕಡಿಮೆಯಾಗುತ್ತದೆ.

ದ್ರೌಪದಿಯ ಬಾಗಿಲಲ್ಲಿ ರಾವುತ್ತ

ದ್ರೌಪದಿಯನ್ನು ದೇವತೆಯಾಗಿ ಪೂಜಿಸುವುದು ಬೆಂಗಳೂರಿಗಷ್ಟೇ ಸೀಮಿತವಲ್ಲ. ಉತ್ತರ ತಮಿಳುನಾಡಿನ ಜಿಂಜಿ ಸುತ್ತಮುತ್ತ ಈ ಆರಾಧನೆ ದಟ್ಟವಾಗಿದೆ. ಅಲ್ಲಿನ ಗುಡಿಗಳನ್ನು ವರ್ಷಗಳ ಕಾಲ ಅಧ್ಯಯನ ಮಾಡಿದ ಆಲ್ಫ್ ಹಿಲ್ಟೆಬೈಟೆಲ್, ದೇವಿಯ ಕಾವಲುಗಾರರಲ್ಲಿ ಇಬ್ಬರನ್ನು ವಿಶೇಷವಾಗಿ ಗುರುತಿಸಿದರು. ಒಬ್ಬ ಪೋತರಾಜ. ಇನ್ನೊಬ್ಬ ಮುತ್ತಾಲ ರಾವುತ್ತನ್, ಭಕ್ತರು ಮುಸ್ಲಿಮನೆಂದೇ ಹೇಳುವ ಕುದುರೆ ಸವಾರ.

ದ್ರೌಪದಿಯ ಆರಾಧನೆ ಎಂಬುದು ಒಂದು ‘ಹಿಂದೂ’ ಪಾತ್ರೆ, ಅದಕ್ಕೆ ಹೊರಗಿನಿಂದ ‘ಮುಸ್ಲಿಂ’ ಅಂಶ ಸೇರಿತು ಎಂಬ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಮುಸ್ಲಿಂ ಕಾವಲುಗಾರ ಗುಡಿಯ ವ್ಯವಸ್ಥೆಯೊಳಗೇ ಇದ್ದಾನೆ. ಅವನಿಗೆ ಮದ್ಯದ ನೈವೇದ್ಯವೂ ಉಂಟು. ಯಾವ ಮೌಲ್ವಿಯೂ ಇದನ್ನು ಇಸ್ಲಾಂ ಎಂದು ಒಪ್ಪಲಾರರು. ಅವನ ‘ಮುಸ್ಲಿಂತನ’ ದೇವಿಯ ಲೋಕದ ಒಳಗೆ ರೂಪುಗೊಂಡದ್ದು: ಗಡಿಯಲ್ಲಿ ನಿಲ್ಲುವವನು, ಬಲಶಾಲಿ, ಒಪ್ಪಿಸಿದ ಕೆಲಸಕ್ಕೆ ಬದ್ಧ.

ಹಾಗೆಂದು ತವಕ್ಕಲ್ ಮಸ್ತಾನರೇ ಬೆಂಗಳೂರಿನ ರಾವುತ್ತ ಎಂದು ಬರೆಯುವುದು ಅವಸರದ ಕೆಲಸ. ಒಬ್ಬರು ಗೋರಿಯಿರುವ ಸೂಫಿ ಸಂತ, ಅವರಿಗೆ ತಮ್ಮದೇ ಭಕ್ತರಿದ್ದಾರೆ. ಇನ್ನೊಬ್ಬ ಕಥೆಯ ಕಾವಲುಗಾರ. ಜಿಂಜಿಯ ಉದಾಹರಣೆ ತೋರಿಸುವುದು ಇಷ್ಟನ್ನೇ: ದ್ರೌಪದಿಯ ಭಕ್ತರಿಗೆ ಮುಸ್ಲಿಂ ವೀರ ಅಥವಾ ಸಂತ ಪರಕೀಯನಾಗಿ ಕಾಣಲೇಬೇಕೆಂಬ ನಿಯಮವಿರಲಿಲ್ಲ.

ಉತ್ತರ ಕರ್ನಾಟಕದ ಮೊಹರಂ ನೋಡಿದವರಿಗೆ ಇದು ಹೊಸದೆನಿಸದು. ಮುಸ್ಲಿಂ ಮನೆಗಳೇ ಇಲ್ಲದ ಊರುಗಳಲ್ಲೂ ಕೈಯಾಕಾರದ ಲೋಹದ ಪಂಜಾಗಳನ್ನು ಅಲಾಯಿ ದೇವರೆಂದು ಕೂಡಿಸುತ್ತಾರೆ. ಅಲ್ಲಿನ ‘ದೇವರು’ ಎಂಬ ಕನ್ನಡ ಪದ ಎರಡು ಧರ್ಮಗಳನ್ನು ಬೆರೆಸುತ್ತಿಲ್ಲ, ಊರಿಗೆ ಗೊತ್ತಿರುವ ಮಾತಿನಲ್ಲಿ ಪಂಜಾವನ್ನು ಹೆಸರಿಸುತ್ತಿದೆ. ಬಂಗಾಳದಲ್ಲಿ ಹಿಂದೂಗಳೂ ಮುಸ್ಲಿಮರೂ ನಂಬುವ ಸತ್ಯಪೀರನ ಕಥೆಗಳನ್ನು ಓದಿದ ವಿದ್ವಾಂಸ ಟೋನಿ ಸ್ಟೂವರ್ಟ್ ಇಂಥದ್ದನ್ನು ಬೆರಕೆ ಎನ್ನದೆ ಅನುವಾದ ಎಂದು ನೋಡೋಣ ಎಂದರು. ಕನ್ನಡದ ಸಂದರ್ಭಕ್ಕೂ ಆ ಮಾತು ಚೆನ್ನಾಗಿ ಹೊಂದುತ್ತದೆ.

ಗಡಿಗಳೇ ಇಲ್ಲವೆ?

ಇವೆ. ಇಲ್ಲಿ ಇನ್ನೊಂದು ತಪ್ಪಿಗೆ ದಾರಿಯಿದೆ. ಮುಚ್ಚಳದ ಪಾತ್ರೆಗಳು ಬೇಡವೆಂದ ಕೂಡಲೇ ಎಲ್ಲವೂ ಹರಿಯುವ ನೀರು, ಹಿಂದಿನವರಿಗೆ ಭೇದವೇ ಗೊತ್ತಿರಲಿಲ್ಲ ಎಂದು ಬರೆಯುವವರಿದ್ದಾರೆ. ಕರಗ ಹೊರುವ ಹಕ್ಕು ಎಲ್ಲರಿಗೂ ಇಲ್ಲ, ಅದು ತಿಗಳರದ್ದು. ವೀರಕುಮಾರರಾಗುವವರಿಗೆ ದೀಕ್ಷೆಯಿದೆ, ನಿಯಮಗಳಿವೆ. ದರ್ಗಾದ ಒಳಗಿನ ವಿಧಿಗಳನ್ನು ನಡೆಸುವವರು ಅಲ್ಲಿನವರೇ. ಗೋರಿಗೆ ಗೌರವ ಸಲ್ಲಿಸುವುದು ಸರಿಯೇ ಎಂಬ ಬಗ್ಗೆ ಮುಸ್ಲಿಮರ ನಡುವೆಯೇ ಬಿರುಸಾದ ಭಿನ್ನಾಭಿಪ್ರಾಯವಿದೆ. ಅಂದರೆ ಗಡಿಗಳು ಬಿಗಿಯಾಗಿವೆ, ಆದರೆ ನಾವು ಗೆರೆ ಎಳೆದ ಜಾಗದಲ್ಲಿ ಇಲ್ಲ. ಜಾತಿ, ಕುಲ, ದೀಕ್ಷೆ, ಪೇಟೆ, ಪಂಥ ಇವುಗಳ ಗಡಿಗಳು ಹಲವು ಸಲ ‘ಹಿಂದೂ–ಮುಸ್ಲಿಂ’ ಗಡಿಗಿಂತ ಮುಂಚೆ ಎದುರಾಗುತ್ತವೆ.

ಹಂಚಿಕೊಳ್ಳುವುದೆಂದರೆ ಪ್ರೀತಿ ಎಂದೂ ಅರ್ಥವಲ್ಲ. ಹಿಂದೂಗಳೂ ಮುಸ್ಲಿಮರೂ ತಮ್ಮದೆನ್ನುವ ಮಹಾರಾಷ್ಟ್ರದ ಮಢಿ ಕ್ಷೇತ್ರವನ್ನೂ ಬಾಲ್ಕನ್ ಪ್ರದೇಶದ ಇಂಥದೇ ಜಾಗಗಳನ್ನೂ ಹೋಲಿಸಿದ ಮಾನವಶಾಸ್ತ್ರಜ್ಞ ರಾಬರ್ಟ್ ಹೇಡನ್, 2002ರಲ್ಲಿ ಒಂದು ಕಠಿಣ ವಾದ ಮುಂದಿಟ್ಟರು. ಅವರ ಪ್ರಕಾರ ಇಂಥ ಕಡೆ ಕಾಣುವ ಸಹನೆ, ಯಾರಿಗೂ ಪೂರ್ತಿ ಮೇಲುಗೈ ಸಿಗದಿರುವ ಕಾಲದ ಸ್ಪರ್ಧೆ. ಎಲ್ಲ ಕಡೆಗೂ ಇದು ಹೊಂದುತ್ತದೆ ಎಂದು ನನಗೆ ಅನಿಸುವುದಿಲ್ಲ, ಕಾಟನ್‌ಪೇಟೆಗೆ ಅಷ್ಟಾಗಿ ಹೊಂದದು. ಕರಗ ದರ್ಗಾದ ಒಡೆತನ ಕೇಳುವುದಿಲ್ಲ, ಬಂದು ಹೋಗುತ್ತದೆ. ಆದರೆ ಹೇಡನ್ ಕೇಳಿದ ಪ್ರಶ್ನೆಯನ್ನು ಪ್ರಬಂಧ ಕೇಳಲೇಬೇಕು: ಇಲ್ಲಿ ಕೀಲಿಕೈ ಯಾರ ಬಳಿ ಇದೆ, ಹುಂಡಿ ಯಾರದ್ದು, ಖಾತೆ ಯಾರ ಹೆಸರಲ್ಲಿದೆ?

ಖಾತೆಯ ಒಂದೇ ಅಂಕಣ

ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಬೆಂಗಳೂರು ಕರಗ ಉಳಿದುಕೊಂಡಿರುವುದಕ್ಕೂ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಕ್ಕೂ ಒಂದು ಕಾರಣ ಕಾಣುತ್ತದೆ.

ಆಧುನಿಕ ಸರ್ಕಾರದ ದಾಖಲೆಯಲ್ಲಿ ಧರ್ಮಕ್ಕೆ ಒಂದೇ ಅಂಕಣ. 1911ರ ಜನಗಣತಿಯಲ್ಲಿ ಬೊಂಬಾಯಿ ಪ್ರಾಂತ್ಯದ ಅಧಿಕಾರಿ ಕೆಲವು ಸಮುದಾಯಗಳನ್ನು ‘ಹಿಂದೂ–ಮಹಮ್ಮದೀಯರು’ ಎಂದು ದಾಖಲಿಸಿದಾಗ, ಯಾವುದಾದರೂ ಒಂದಕ್ಕೆ ಸೇರಿಸಬೇಕಿತ್ತು ಎಂದು ಮೇಲಧಿಕಾರಿ ಆಕ್ಷೇಪಿಸಿದರು. ಜಾಗಗಳಿಗೂ ಇದೇ ನಿಯಮ. ಒಂದು ಸಂಸ್ಥೆ ಮುಜರಾಯಿಗೆ ಸೇರಬೇಕು, ಇಲ್ಲವೇ ವಕ್ಫ್‌ಗೆ.

ಬಾಬಾಬುಡನ್‌ಗಿರಿಯಲ್ಲಿ ಇರುವುದು ಒಂದೇ ಗುಹೆ. ದಾಖಲೆಯ ಹೆಸರೇ ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ. 1975ರಲ್ಲಿ ಅದನ್ನು ವಕ್ಫ್ ಮಂಡಳಿಗೆ ವರ್ಗಾಯಿಸಲಾಯಿತು. ಇದನ್ನು ಪ್ರಶ್ನಿಸಿದ ದಾವೆಯಲ್ಲಿ ಚಿಕ್ಕಮಗಳೂರಿನ ನ್ಯಾಯಾಲಯ 1980ರಲ್ಲಿ ಅದು ವಕ್ಫ್ ಆಸ್ತಿಯಲ್ಲ ಎಂದಿತು. 1989ರಲ್ಲಿ ಮುಜರಾಯಿ ಆಯುಕ್ತರು 1975ಕ್ಕೆ ಮುಂಚಿನ ಆಚರಣೆಗಳನ್ನು ಪಟ್ಟಿ ಮಾಡಿದರು. ಆ ಪಟ್ಟಿಯ ಪ್ರಕಾರ ಪಾದುಕೆಗೆ ಹೂ ಇಟ್ಟು, ನಂದಾದೀಪ ಹಚ್ಚಿ, ಬಂದ ಹಿಂದೂ–ಮುಸ್ಲಿಂ ಭಕ್ತರಿಗೆ ತೀರ್ಥ ಕೊಡುತ್ತಿದ್ದವರು ದರ್ಗಾದ ಸೇವೆ ನೋಡಿಕೊಳ್ಳುವ ಮುಸ್ಲಿಂ ಮುಜಾವರರು.

ತೀರ್ಥ ಕೊಡುವ ಮುಜಾವರ. ಈ ಎರಡು ಪದ ಒಂದೇ ವಾಕ್ಯದಲ್ಲಿ ಬರುವುದು ಅಲ್ಲಿನವರಿಗೆ ಸಹಜವಾಗಿತ್ತು. 2018ರಲ್ಲಿ ರಾಜ್ಯ ಸರ್ಕಾರ ಅದೇ ಪದ್ಧತಿ ಮುಂದುವರಿಯಲಿ, ಮುಜಾವರರೇ ಗರ್ಭಗುಡಿಯಲ್ಲಿ ಇರಲಿ ಎಂದು ಆದೇಶಿಸಿತು. 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಹಿಂದೂಗಳಿಗೆ ತಮ್ಮ ರೀತಿಯಲ್ಲಿ ಪೂಜಿಸುವ ಹಕ್ಕು ತಪ್ಪುತ್ತದೆ ಎಂಬುದು ಒಂದು ಕಾರಣ. ಪಾದುಕೆ ಪೂಜೆ, ನಂದಾದೀಪ ಹಚ್ಚುವುದು ಮುಜಾವರರ ನಂಬಿಕೆಗೇ ವಿರುದ್ಧವಾದದ್ದನ್ನು ಮಾಡಿಸಿದಂತೆ ಎಂಬುದು ಇನ್ನೊಂದು. 2023ರಲ್ಲಿ ವಿಭಾಗೀಯ ಪೀಠವೂ ಈ ತೀರ್ಪನ್ನು ಎತ್ತಿಹಿಡಿಯಿತು.

ಹಕ್ಕುಗಳ ಭಾಷೆಯಲ್ಲಿ ನೋಡಿದರೆ ಎರಡೂ ಕಾರಣಗಳಿಗೆ ತೂಕವಿದೆ, ಯಾರಿಂದಲೂ ಅವರ ನಂಬಿಕೆಗೆ ಹೊರತಾದದ್ದನ್ನು ಸರ್ಕಾರ ಮಾಡಿಸಬಾರದು. ಆದರೆ ಸಂಶೋಧಕರು ಇಲ್ಲಿ ನಡೆದ ಬದಲಾವಣೆಯನ್ನು ಗಮನಿಸಬೇಕು. ಆ ಜಾಗದಲ್ಲಿ ನಡೆದುಬಂದ ಕೆಲಸವನ್ನು ಅಲ್ಲಿ ನಡೆಯುವ ಕೆಲಸ ಎಂದು ನೋಡುವುದು ಬಿಟ್ಟು, ಒಂದು ಧರ್ಮದವರು ಮಾಡಬಾರದ ಕೆಲಸ ಎಂದು ಓದಲಾಯಿತು. ಪಾತ್ರೆಗಳು ಮೊದಲು ಬಂದವು, ಆಚರಣೆ ಆಮೇಲೆ ಅವುಗಳೊಳಗೆ ಹಿಡಿಸಲಾರದೆ ಹೋಯಿತು.

ಕರಗಕ್ಕೆ ಈ ಸಂಕಟ ಬಂದಿಲ್ಲ, ಏಕೆಂದರೆ ಅಲ್ಲಿ ಜಾಗಗಳು ಎರಡು. ದೇವಸ್ಥಾನಕ್ಕೆ ಅದರದೇ ಆಡಳಿತ, ದರ್ಗಾಕ್ಕೆ ಅದರದೇ ಆಡಳಿತ. ಹಂಚಿಕೊಂಡಿರುವುದು ಕಟ್ಟಡವನ್ನಲ್ಲ, ಒಂದು ರಾತ್ರಿಯ ಕೆಲವು ನಿಮಿಷಗಳನ್ನು. ಯಾವ ಖಾತೆಯಲ್ಲೂ ಇಲ್ಲದ ಕಾರಣ ಅದರ ಮೇಲೆ ಒಡೆತನದ ದಾವೆ ಹೂಡುವುದು ಕಷ್ಟ. ಅದೇ ಕಾರಣಕ್ಕೆ ಅದನ್ನು ಉಳಿಸಿಕೊಳ್ಳಲು ಕಾಗದದ ಆಧಾರವೂ ಇಲ್ಲ. ಎರಡು ಕಡೆಯ ಹಿರಿಯರು ವರ್ಷವರ್ಷವೂ ಒಪ್ಪಬೇಕು.

ಪ್ರಬಂಧದಲ್ಲಿ ವಾಕ್ಯ ಹೇಗಿರಬೇಕು

ಸಾಮಾನ್ಯವಾಗಿ ಬರೆಯುವ ವಾಕ್ಯ ಇದು: ‘ಹಿಂದೂ ಹಬ್ಬವಾದ ಕರಗವು ಮುಸ್ಲಿಮರ ದರ್ಗಾಕ್ಕೆ ಭೇಟಿ ನೀಡುವುದು ಬೆಂಗಳೂರಿನ ಮುನ್ನೂರು ವರ್ಷಗಳ ಸಮನ್ವಯ ಪರಂಪರೆಯ ಸಂಕೇತವಾಗಿದೆ.’

ಓದಲು ಹಿತವಾಗಿದೆ, ಆದರೆ ಇಲ್ಲಿ ಮಾಡುವವರೇ ಇಲ್ಲ. ತಿಗಳರು ಕಾಣೆಯಾಗಿ ‘ಹಿಂದೂ ಹಬ್ಬ’ ಬಂದಿದೆ, ದರ್ಗಾದ ಹೆಸರು ಹೋಗಿ ‘ಮುಸ್ಲಿಮರ’ ಎಂಬುದು ಉಳಿದಿದೆ. ವರ್ಷಗಳ ಲೆಕ್ಕಕ್ಕೆ ಆಧಾರವಿಲ್ಲ. ‘ಸಂಕೇತ’ ಎಂದ ಮೇಲೆ ಯಾರಿಗೆ, ಎಂದಿನಿಂದ ಎಂಬುದನ್ನು ಹೇಳಬೇಕಿತ್ತು.

ಅದನ್ನೇ ಹೀಗೆ ಬರೆಯಬಹುದು: ‘ಧರ್ಮರಾಯಸ್ವಾಮಿ ದೇವಸ್ಥಾನದಿಂದ ತಿಗಳರು ಚೈತ್ರ ಹುಣ್ಣಿಮೆಯ ರಾತ್ರಿ ಹೊರಡಿಸುವ ಕರಗ, ಪೇಟೆಯ ಹಲವು ಗುಡಿ, ಮನೆಗಳಂತೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನರ ದರ್ಗಾದಲ್ಲೂ ನಿಲ್ಲುತ್ತದೆ. ಸಂತರಿಗೆ ಕೊಟ್ಟ ಮಾತು ಇದಕ್ಕೆ ಕಾರಣವೆಂದು ಪ್ರಚಲಿತ ಕಥೆ ಹೇಳುತ್ತದೆ. ಸಂತರನ್ನು ಹೈದರನ ಕಾಲದವರೆಂದು ಒಪ್ಪಿದರೆ ಈ ನಿಲುಗಡೆ ಹದಿನೆಂಟನೇ ಶತಮಾನದ ಉತ್ತರಾರ್ಧಕ್ಕಿಂತ ಹಿಂದಕ್ಕೆ ಹೋಗಲಾರದು. 2022ರಲ್ಲಿ ಇದನ್ನು ಕೈಬಿಡಬೇಕೆಂಬ ಒತ್ತಾಯ ಬಂದಾಗ ಅದು ಹಿಂದೂ–ಮುಸ್ಲಿಂ ಸಂಬಂಧದ ಪ್ರಶ್ನೆಯಾಗಿ ಚರ್ಚೆಗೆ ಒಳಗಾಯಿತು.’

ಉದ್ದವಾಯಿತು, ನಿಜ. ಆದರೆ ಇಲ್ಲಿ ‘ಹಿಂದೂ’, ‘ಮುಸ್ಲಿಂ’ ಎಂಬ ಪದಗಳನ್ನು ಅಳಿಸಿಲ್ಲ. ಅವು ಯಾವಾಗ ಮುಖ್ಯವಾದವು ಎಂಬುದು ಕೊನೆಯ ವಾಕ್ಯದಲ್ಲಿ ಒಂದು ಘಟನೆಯಾಗಿ ಬಂದಿದೆ. ಹಾಗೆ ಬರೆಯದೆ ಆ ಪದಗಳನ್ನು ದೂರವಿಡುವುದೂ ತಪ್ಪೇ. ಇಂದು ಆ ದರ್ಗಾಕ್ಕೆ ಹೋಗುವವರು, ಕರಗ ಹೊರುವವರು ತಮ್ಮನ್ನು ಈ ಹೆಸರುಗಳಿಂದಲೇ ಕರೆದುಕೊಳ್ಳುತ್ತಾರೆ, ಅವರ ಆ ಮಾತನ್ನೂ ದಾಖಲಿಸಬೇಕು.

ಬರೆದದ್ದನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ಪ್ರಬಂಧದಲ್ಲಿ ‘ಆದರೂ’ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಿ. ‘ಮುಸ್ಲಿಮರಾದರೂ ನಿಂಬೆಹಣ್ಣು ಕೊಟ್ಟರು’, ‘ದೇವಿಯಾದರೂ ದರ್ಗಾಕ್ಕೆ ಬಂದಳು’ ಎಂಬಂಥ ಕಡೆಗಳಲ್ಲಿ ಅಚ್ಚರಿ ಯಾರದ್ದು ಎಂದು ಕೇಳಿಕೊಳ್ಳಿ. ಅಲ್ಲಿದ್ದವರಿಗೆ ಅಚ್ಚರಿಯಾಗಿದ್ದರೆ ಅದು ಕ್ಷೇತ್ರಕಾರ್ಯದ ಮಾಹಿತಿ, ಉಳಿಯಲಿ. ಬರೆದವರಿಗೆ ಮಾತ್ರ ಆಗಿದ್ದರೆ ಆ ‘ಆದರೂ’ ತೆಗೆದು ‘ಮತ್ತು’ ಹಾಕಿ ಓದಿ ನೋಡಿ.

ಪದ ತರುವ ಪರಿಣಾಮ

ಇದು ಬರಿಯ ಶೈಲಿಯ ವಿಚಾರವಲ್ಲ. ದರ್ಗಾದ ನಿಲುಗಡೆಯನ್ನು ‘ಭಾವೈಕ್ಯದ ಸಂಕೇತ’ ಎಂದು ಪ್ರತಿ ವರ್ಷ ಬರೆದಾಗ, ಆ ನಾಲ್ಕು ನಿಮಿಷಗಳ ಮೇಲೆ ಇಡೀ ನಗರದ ಸಾಮರಸ್ಯದ ಹೊರೆ ಬೀಳುತ್ತದೆ. ಬೇರೆಲ್ಲೋ ಜಗಳವಾದರೆ ಕಾಟನ್‌ಪೇಟೆಯವರು ಉತ್ತರಿಸಬೇಕಾಗುತ್ತದೆ. 2022ರಲ್ಲಿ ಆದದ್ದು ಅದೇ. ಕರಗದ ದಾರಿಯಲ್ಲಿ ಏನೂ ಬದಲಾಗಿರಲಿಲ್ಲ, ಬೇರೆ ಜಿಲ್ಲೆಗಳ ಸುದ್ದಿ ಇಲ್ಲಿಗೆ ಬಂದು ನಿಂತಿತ್ತು.

ಆಗ ದೇವಸ್ಥಾನದವರು ಕೊಟ್ಟ ಉತ್ತರದಲ್ಲಿ ಹೆಚ್ಚು ತೂಕ ಇದ್ದದ್ದು ಹಿಂದಿನಿಂದ ನಡೆದುಬಂದಿದೆ, ನಡೆಯುತ್ತದೆ ಎಂಬ ಮಾತಿಗೆ. ದರ್ಗಾದವರು ಮಾಡಿದ್ದು ಬಂದು ಕರೆದದ್ದು. ಕರೆಯುವುದು, ಮಾತಿನಂತೆ ಹೋಗುವುದು, ನಿಂಬೆಹಣ್ಣು ಪಡೆದು ಮುಂದಿನ ಬೀದಿಗೆ ಸಾಗುವುದು. ಪ್ರಬಂಧ ಶುರುವಾಗಬೇಕಾದದ್ದು ಅಲ್ಲಿಂದ.